ಮಿಕ್ಸಿ ಬೇಸ್ ಅಸೆಂಬ್ಲಿ: 60 ಬಿಡಿಭಾಗ, ಏಳೂವರೆ ನಿಮಿಷ. ಎಲ್ಲಿಂದ ಕಡಿಮೆ ಮಾಡಲಿ?

ಪೀಣ್ಯ ರವಿ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಘಟಕ ಇದೆ. 750 ವ್ಯಾಟ್ ಮಿಕ್ಸಿ ಮಾಡುತ್ತೇವೆ. ದಿನಕ್ಕೆ 120 ಬೇಸ್ ಹೊರಗೆ ಹೋಗಬೇಕು. ಅಸೆಂಬ್ಲಿಗೆ ಇಬ್ಬರೇ ಇದ್ದಾರೆ, ಆರ್ಡರ್ ಜಾಸ್ತಿ ಬಂದಾಗ ರಾತ್ರಿ ಎಂಟಾದರೂ ಮುಗಿಯುವುದಿಲ್ಲ.

ಮೊನ್ನೆ ಒಂದು ಬೇಸ್ ಪೂರ್ತಿ ಬಿಚ್ಚಿ, ಮೇಜಿನ ಮೇಲೆ ಹರಡಿ ಎಣಿಸಿದೆ. ಜಾರ್ ಬಿಟ್ಟು 60 ಬಿಡಿಭಾಗ ಬಂತು. ಮೋಟಾರನ್ನು ಒಂದೇ ಭಾಗ ಅಂತ ಲೆಕ್ಕ ಹಾಕಿದ್ದೇನೆ, ಅದು ಸಿದ್ಧವಾಗಿಯೇ ಬರುತ್ತದೆ. ಅದನ್ನು ಕೂರಿಸುವುದಕ್ಕೇ 16 ಸಾಮಾನು: ನಾಲ್ಕು ಸ್ಕ್ರೂ, ನಾಲ್ಕು ಪ್ಲೇನ್ ವಾಷರ್, ನಾಲ್ಕು ಸ್ಪ್ರಿಂಗ್ ವಾಷರ್, ನಾಲ್ಕು ರಬ್ಬರ್ ಬುಷ್. ತಳದ ಮುಚ್ಚಳಕ್ಕೆ ಆರು ಸ್ಕ್ರೂ. ರಬ್ಬರ್ ಕಾಲು ನಾಲ್ಕು, ಅದಕ್ಕೆ ಸ್ಕ್ರೂ ನಾಲ್ಕು. ಸ್ವಿಚ್ಚಿಗೆ ತಗಡಿನ ಬ್ರಾಕೆಟ್, ಅದಕ್ಕೆರಡು ಸ್ಕ್ರೂ. ಮೇಲೆ ನೀರು ತಡೆಯುವ ಪ್ಲೇಟ್, ಅದಕ್ಕೆ ಮೂರು. ಒಳಗೆ ವಯರ್ ತುಂಡು ಮೂರು, ಟರ್ಮಿನಲ್ ಮುಚ್ಚುವ ಸ್ಲೀವ್ ಐದು. ಕಾರ್ಡ್ ಹಿಡಿಯುವ ಕ್ಲಾಂಪಿಗೆ ಎರಡು ಸ್ಕ್ರೂ, ಅರ್ಥಿಂಗ್‌ಗೆ ಒಂದು. ಒಟ್ಟು ಸ್ಕ್ರೂಗಳೇ 22!

ಸ್ಟಾಪ್‌ವಾಚ್ ಹಿಡಿದರೆ ಒಂದಕ್ಕೆ ಸರಾಸರಿ 450 ಸೆಕೆಂಡ್. ಹೊಸ ಮೋಲ್ಡ್ ಮಾಡಿಸುವಷ್ಟು ಹಣ ಇಲ್ಲ. ಈಗಿರುವ ಮೋಲ್ಡನ್ನೇ ಸ್ವಲ್ಪ ತಿದ್ದಿಸಬಹುದು. ಎಲ್ಲಿಂದ ಶುರು ಮಾಡಲಿ?

ಕಿರಣ್ ಕ್ಯಾಡ್

ರವಿ ಸರ್, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 22 ಸ್ಕ್ರೂ. ಒಂದಕ್ಕೆ ಎಂಟು ಸೆಕೆಂಡ್ ಅಂದರೂ ಮೂರು ನಿಮಿಷ ಅಲ್ಲೇ ಹೋಯಿತು. ಎಲ್ಲ ಸ್ಕ್ರೂ ತೆಗೆದು, ಒತ್ತಿದರೆ ಕೊಕ್ಕೆ ಬಾಗಿ ಸಿಕ್ಕಿಕೊಳ್ಳುವ ಸ್ನ್ಯಾಪ್ ಫಿಟ್ ಮಾಡಿ. ಬಾಡಿ ಎಬಿಎಸ್ ಪ್ಲಾಸ್ಟಿಕ್ ಅಲ್ವಾ, ಚೆನ್ನಾಗಿ ಬಾಗುತ್ತದೆ. ಮೋಟಾರಿನ ಕೆಳಗಿನ ರಬ್ಬರ್ ಬುಷ್ ಕೂಡ ತೆಗೆಯಬಹುದು, ಬಾಡಿಯಲ್ಲೇ ಏಣಿನಂಥ ರಿಬ್ ಕೊಟ್ಟರೆ ಸಾಕು. ನಾನು ಲೆಕ್ಕ ಹಾಕಿದ ಪ್ರಕಾರ ಹತ್ತು ಹನ್ನೆರಡು ಭಾಗಕ್ಕೆ ಇಳಿಸಬಹುದು.

ಗೀತಾ ಮೈಸೂರು

ಮಿಕ್ಸಿ ವಿಷಯ ಅಂತ ನೋಡಿ ಬಂದೆ. ನಮ್ಮ ಮನೆಯ ಮಿಕ್ಸಿಯಲ್ಲಿ ತಳದ ಕೆಂಪು ಬಟನ್ ಪದೇ ಪದೇ ಹೊರಗೆ ಬರುತ್ತದೆ. ಒತ್ತಿದರೆ ಓಡುತ್ತೆ, ಚಟ್ನಿ ಅರ್ಧ ಆಗುವಷ್ಟರಲ್ಲಿ ಮತ್ತೆ ನಿಲ್ಲುತ್ತೆ. ಇದು ಸರಿಯಾಗಿ ಫಿಟ್ ಮಾಡದೆ ಇರುವುದರಿಂದಲಾ?

ಹುಬ್ಬಳ್ಳಿ ಬಸವರಾಜ (ರಿಪೇರಿ)

ಗೀತಕ್ಕಾ, ಫಿಟ್ಟಿಂಗ್ ದೋಷ ಅಲ್ಲ ಅನ್ನಿಸುತ್ತದೆ. ಜಾರ್ ಬರಿದು ಮಾಡಿ, ತಿರುವಿ ಹಾಕಿ, ಕೆಳಗಿನ ಕಪ್ಲರನ್ನು ಕೈಯಿಂದ ತಿರುಗಿಸಿ ನೋಡಿರಿ. ಸಲೀಸಾಗಿ ತಿರುಗದಿದ್ದರೆ ಜಾರಿನ ಬುಷ್ ಹಿಡಿದಿದೆ. ಮೋಟಾರಿಗೆ ಭಾರ ಜಾಸ್ತಿಯಾಗಿ ಬಟನ್ ಹಾರುತ್ತದೆ. ಬುಷ್ ಬದಲಿಸಿದರೆ ಸರಿಹೋಗುತ್ತದೆ. ಜಾರ್ ಸಲೀಸಾಗಿದ್ದೂ ಹಾರಿದರೆ ಬೇಸ್ ತೋರಿಸಿ.

ರವಿ ಸರ್, ನಿಮ್ಮ ವಿಷಯಕ್ಕೆ ಆಮೇಲೆ ಬರುತ್ತೇನೆ. ಸ್ನ್ಯಾಪ್ ಅಂದ ಕೂಡಲೇ ನನಗೆ ಹೇಳುವುದು ಬಹಳ ಇದೆ.

ವಾರಿಜಾ

ಇಪ್ಪತ್ತೆರಡು ವರ್ಷ ಗೃಹೋಪಯೋಗಿ ಸಾಮಾನಿನ ಡಿಸೈನ್‌ನಲ್ಲೇ ಇದ್ದೇನೆ. ಕಿರಣ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಸ್ಕ್ರೂ ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ. ಆದರೆ ಮೊದಲು ಕೇಳಬೇಕಾದದ್ದು, ಆ ಸ್ಕ್ರೂ ಹಿಡಿದಿರುವ ಭಾಗ ಬೇಕಾ ಅಂತ. ಭಾಗವೇ ಹೋದರೆ ಸ್ಕ್ರೂ ತಾನಾಗಿ ಹೋಗುತ್ತದೆ.

ಅಮೆರಿಕದ ಬೂತ್‌ರಾಯ್ಡ್ ಮತ್ತು ಡ್ಯೂಹರ್ಸ್ಟ್ ಎಂಬ ಇಬ್ಬರು ಇದಕ್ಕೆ ಮೂರು ಪ್ರಶ್ನೆ ಕೊಟ್ಟಿದ್ದಾರೆ. ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ಕೇಳಿ. ಉಪಕರಣ ಓಡುವಾಗ ಇದು ಪಕ್ಕದ್ದಕ್ಕಿಂತ ಬೇರೆಯಾಗಿ ಅಲ್ಲಾಡಬೇಕಾ? ಇದು ಬೇರೆ ವಸ್ತುವಿನಿಂದಲೇ ಆಗಬೇಕಾ? ಇದನ್ನು ಪ್ರತ್ಯೇಕ ಮಾಡದಿದ್ದರೆ ಉಳಿದದ್ದನ್ನು ಒಳಗೆ ಹಾಕುವುದಕ್ಕೋ ಬಿಚ್ಚುವುದಕ್ಕೋ ಆಗುವುದಿಲ್ಲವಾ? ಮೂರಕ್ಕೂ "ಇಲ್ಲ" ಅಂತ ಬಂದರೆ ಆ ಭಾಗವನ್ನು ಪಕ್ಕದ ಭಾಗದಲ್ಲಿ ಸೇರಿಸಲು ದಾರಿ ಹುಡುಕಬೇಕು.

ನಿಮ್ಮ ಸ್ವಿಚ್ ಬ್ರಾಕೆಟ್ ತೆಗೆದುಕೊಳ್ಳಿ. ಅಲ್ಲಾಡುವುದಿಲ್ಲ. ತಗಡಿನದೇ ಆಗಬೇಕಿಲ್ಲ. ಬಾಡಿಯಲ್ಲೇ ಒಂದು ಗೂಡು ಮಾಡಿದರೆ ಸ್ವಿಚ್ ಅದರಲ್ಲಿ ಕೂರುತ್ತದೆ. ಬ್ರಾಕೆಟ್ ಮತ್ತು ಎರಡು ಸ್ಕ್ರೂ, ಮೂರು ಭಾಗ ಹೋಯಿತು. ಮೇಲಿನ ನೀರಿನ ಪ್ಲೇಟ್ ಕೂಡ ಹಾಗೆಯೇ, ಪ್ಲಾಸ್ಟಿಕ್ ಮೇಲೆ ಇನ್ನೊಂದು ಪ್ಲಾಸ್ಟಿಕ್ ಯಾಕೆ? ಬಾಡಿಯಲ್ಲೇ ಎತ್ತರದ ಅಂಚು ಮಾಡಿ. ನಾಲ್ಕು ಭಾಗ ಹೋಯಿತು. ಪ್ಲೇನ್ ವಾಷರ್, ಸ್ಪ್ರಿಂಗ್ ವಾಷರ್ ಮೊದಲೇ ಸೇರಿಕೊಂಡಿರುವ ಸ್ಕ್ರೂ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿ ಎಂಟು ಹೋಯಿತು.

ರಬ್ಬರ್ ಬುಷ್ ಮಾತ್ರ ಎರಡನೇ ಪ್ರಶ್ನೆಯಲ್ಲಿ ಗೆಲ್ಲುತ್ತದೆ. ಭಾರ ಇಲ್ಲದಾಗ ಆ ಮೋಟಾರ್ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ಓಡುತ್ತದೆ. ಆ ನಡುಕವನ್ನು ಎಬಿಎಸ್ ರಿಬ್ ತಡೆಯುವುದಿಲ್ಲ, ಕಿರಣ್. ಬೇಕಿದ್ದರೆ ನಾಲ್ಕು ಬುಷ್ಷನ್ನು ಸೇರಿಸಿ ಒಂದೇ ರಬ್ಬರ್ ಬಳೆ ಮಾಡಿಸಬಹುದು.

ನಾನು ಎಣಿಸಿದರೆ ನಿಮ್ಮ ಬೇಸ್‌ನಲ್ಲಿ ಮೂರರಲ್ಲಿ ಒಂದಕ್ಕಾದರೂ ಹೌದು ಅನ್ನುವ ಭಾಗ ಹತ್ತು. ಆದರೆ ಹತ್ತು ಗುರಿ ಅಲ್ಲ, ಅದು ಅಳತೆಗೋಲು. ಒಳ್ಳೆಯ ಭಾಗವನ್ನು ಎತ್ತಿ ಇಡಲು 3 ಸೆಕೆಂಡ್ ಅಂತ ಹಿಡಿದರೆ ಹತ್ತಕ್ಕೆ 30 ಸೆಕೆಂಡ್. ನೀವು 450 ತೆಗೆದುಕೊಳ್ಳುತ್ತಿದ್ದೀರಿ. ಅಂದರೆ ನೂರಕ್ಕೆ ಏಳರಷ್ಟೂ ಇಲ್ಲ.

ಸುಮಾ (ಅಸೆಂಬ್ಲಿ ಲೈನ್)

ನಾನು ಡಿಸೈನ್ ಓದಿದವಳಲ್ಲ. ಒಂಬತ್ತು ವರ್ಷ ಬೇರೆ ಒಂದು ಕಂಪನಿಯ ಲೈನ್‌ನಲ್ಲಿ ಮಿಕ್ಸಿ ಕೂರಿಸಿದ್ದೇನೆ. ನೀವೆಲ್ಲ ಸ್ಕ್ರೂ ಅಂತೀರಿ. ಪವರ್ ಡ್ರೈವರ್ ಕೈಯಲ್ಲಿದ್ದರೆ ಸ್ಕ್ರೂ ಕಷ್ಟವೇ ಅಲ್ಲ. ನಮಗೆ ಸಮಯ ತಿನ್ನುವುದು ವಯರ್.

ಹೇಗೆ ಅಂತ ಹೇಳುತ್ತೇನೆ. ಟರ್ಮಿನಲ್ ಕ್ರಿಂಪ್ ಮಾಡುವ ಮೊದಲೇ ಸ್ಲೀವ್ ವಯರಿಗೆ ಏರಿಸಿರಬೇಕು. ಮರೆತರೆ ಆಮೇಲೆ ಏರುವುದಿಲ್ಲ, ಟರ್ಮಿನಲ್ ಕತ್ತರಿಸಿ ಮತ್ತೆ ಮಾಡಬೇಕು. ಏರಿಸಿದರೂ ಅದು ಜಾರಿ ಹಿಂದೆ ಹೋಗುತ್ತದೆ, ಒಂದು ಬೆರಳಲ್ಲಿ ಹಿಡಿದುಕೊಂಡೇ ಕೆಲಸ ಮಾಡಬೇಕು. ಆಮೇಲೆ ಮುಚ್ಚಳ ಹಾಕುವಾಗ ವಯರ್ ಎದ್ದು, ಸ್ಕ್ರೂ ಇಳಿಯುವ ಕೊಳವೆಯಂಥ ಬಾಸ್ ಮೇಲೆ ಬರುತ್ತದೆ. ಒಂದು ಕೈಯಲ್ಲಿ ವಯರ್ ಒತ್ತಿ, ಇನ್ನೊಂದರಲ್ಲಿ ಮುಚ್ಚಳ, ಸ್ಕ್ರೂ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಕಾಣದೆ ವಯರ್ ಮೇಲೇ ಸ್ಕ್ರೂ ಇಳಿದರೆ ಟೆಸ್ಟ್ ಟೇಬಲ್‌ನಲ್ಲಿ ಶಾರ್ಟ್.

ಇನ್ನೊಂದು, ನೀವು ಬೇಸನ್ನು ಎಷ್ಟು ಸಲ ಮಗುಚುತ್ತೀರಿ? ಮೋಟಾರ್ ಒಳಗಿದ್ದಾಗ ಅದು ಭಾರ. ನಮ್ಮಲ್ಲಿ ನಾಲ್ಕು ಸಲ ಮಗುಚುತ್ತಿದ್ದೆವು. ಸಂಜೆಗೆ ಮಣಿಕಟ್ಟು ಎತ್ತಲು ಆಗುತ್ತಿರಲಿಲ್ಲ. ನಿಮ್ಮ ಇಬ್ಬರ ಕೈ ಮಾತ್ರ ಕಾಣುವ ಹಾಗೆ ಒಂದು ವಿಡಿಯೊ ಮಾಡಿ, ನಿಧಾನ ಮಾಡಿ ನೋಡಿ. ದಯವಿಟ್ಟು ಅವರಿಗೆ ಹೇಳಿ ಮಾಡಿ.

ಪೀಣ್ಯ ರವಿ

ಸುಮಾ ಮೇಡಂ, ಇವತ್ತು ಅವರನ್ನು ಕೇಳಿಯೇ ವಿಡಿಯೊ ಮಾಡಿದೆ. ನೋಡಿ ಬೇಜಾರಾಯಿತು. 450ರಲ್ಲಿ 150 ಸೆಕೆಂಡ್ ವಯರ್ ಮತ್ತು ಸ್ಲೀವ್‌ಗೇ ಹೋಗುತ್ತಿದೆ. ಮಗುಚುವುದು ನಾಲ್ಕು ಸಲ, ನೀವು ಹೇಳಿದ ಹಾಗೆಯೇ. ನಮ್ಮಲ್ಲಿ ನಾಲ್ಕು ಬಗೆಯ ಸ್ಕ್ರೂ ಇದೆ. ಕಾಲಿನ ಸ್ಕ್ರೂಗಿಂತ ಮುಚ್ಚಳದ್ದು 4 ಮಿ.ಮೀ. ಉದ್ದ, ತಲೆ ಒಂದೇ ಥರ. ಮೂರು ಸಲ ತಪ್ಪು ಡಬ್ಬಿಗೆ ಕೈ ಹೋಯಿತು. ಕಳೆದ ತಿಂಗಳು ಕಾಲಿನ ಹತ್ತಿರ ಬಾಡಿ ಹೊರಗೆ ಗುಬುಟು ಎದ್ದು ಬಂದ ಪೀಸ್‌ಗಳು ಯಾಕೆ ಬಂದವು ಅಂತ ಇವತ್ತು ಗೊತ್ತಾಯಿತು. ಉದ್ದದ ಸ್ಕ್ರೂ ಗಿಡ್ಡ ಬಾಸಿಗೆ ಇಳಿದು ತಳ ಮುಟ್ಟಿದೆ. ನಾನು ಸುಮ್ನೆ ಮೋಲ್ಡರ್ ಮೇಲೆ ಕೂಗಾಡಿದ್ದೆ.

ವಾರಿಜಾ

ಸುಮಾ ಹೇಳಿದ್ದು ಬಂಗಾರದಂಥ ಮಾತು. ವಯರಿಗೆ ಎರಡು ಕೆಲಸ ಮಾಡಿ. ಮೂರು ತುಂಡನ್ನು ಸೇರಿಸಿ ಒಂದೇ ಹಾರ್ನೆಸ್ ಮಾಡಿಸಿ, ಟರ್ಮಿನಲ್‌ಗೆ ಪ್ಲಾಸ್ಟಿಕ್ ಕವಚ ಮೊದಲೇ ಕೂತಿರಲಿ. ಆಗ ಸ್ಲೀವ್ ಪ್ರಶ್ನೆಯೇ ಇಲ್ಲ. ಆಮೇಲೆ ಬಾಡಿಯೊಳಗೆ ವಯರ್ ಸಿಕ್ಕಿಸಲು ಎರಡು ರಿಬ್‌ಗಳ ನಡುವೆ ಒಂದು ಸಂದಿ ಕೊಡಿ. ವಯರ್ ಅಲ್ಲಿ ಒತ್ತಿದರೆ ಅಲ್ಲೇ ನಿಲ್ಲಬೇಕು, ಕೈ ಬಿಡುಗಡೆಯಾಗಬೇಕು. ಅಂಚು ಚೂಪಾಗಿರಬಾರದು, ವಯರಿನ ಸಿಪ್ಪೆ ಸವೆಯುತ್ತದೆ.

ಮಗುಚುವ ವಿಷಯಕ್ಕೆ ಕ್ರಮ ಬದಲಿಸಿ. ಬಾಡಿಯನ್ನು ತಲೆಕೆಳಗಾಗಿ ಫೋಮ್ ಗೂಡಿನಲ್ಲಿ ಇಡಿ. ರಬ್ಬರ್, ಮೋಟಾರ್, ಸ್ವಿಚ್, ಹಾರ್ನೆಸ್, ಕಾರ್ಡ್, ಮುಚ್ಚಳ, ಎಲ್ಲ ಮೇಲಿನಿಂದ ಕೆಳಕ್ಕೆ ಇಳಿಯಲಿ. ಕಾಲು ಮುಚ್ಚಳದಲ್ಲಿ ಮೊದಲೇ ಕೂತಿರಲಿ. ಕೊನೆಗೆ ಒಂದೇ ಸಲ ಮಗುಚಿ ಕಪ್ಲರ್ ಮತ್ತು ನಾಬ್ ಹಾಕಿ.

ಹುಬ್ಬಳ್ಳಿ ಬಸವರಾಜ (ರಿಪೇರಿ)

ಈಗ ನನ್ನ ಮಾತು. ಮಿಕ್ಸಿ ಒಂದು ಸಲ ಕೂರಿಸಿ ಮುಗಿಯುವ ಸಾಮಾನು ಅಲ್ಲ. ಕಾರ್ಬನ್ ಬ್ರಷ್ ಸವೆಯುತ್ತದೆ, ಸ್ವಿಚ್ ಸುಡುತ್ತದೆ, ಕಾರ್ಡ್ ಬುಡದಲ್ಲಿ ಮುರಿಯುತ್ತದೆ. ಒಂದೊಂದು ಬೇಸ್ ನಮ್ಮ ಕೈಯಲ್ಲಿ ಐದಾರು ಸಲ ಬಿಚ್ಚಿಸಿಕೊಳ್ಳುತ್ತದೆ. ನಾಲ್ಕೂ ಕಡೆ ಸ್ನ್ಯಾಪ್ ಇದ್ದ ಒಂದು ಬೇಸ್ ಹೋದ ವರ್ಷ ಬಂದಿತ್ತು. ಎಲ್ಲಿ ಒತ್ತಬೇಕು ಅಂತ ಗುರುತೇ ಇಲ್ಲ. ಸ್ಕ್ರೂಡ್ರೈವರ್ ತುದಿ ಹಾಕಿ ಎಬ್ಬಿದೆ, ಎರಡು ಕೊಕ್ಕೆ ಮುರಿದವು. ಗಿರಾಕಿಗೆ ಕೈಯಿಂದ ದುಡ್ಡು ಕೊಟ್ಟು ತಳ ಬದಲಿಸಿಕೊಟ್ಟೆ.

ಸ್ಕ್ರೂ ಇದ್ದರೆ ಕಡಿಮೆ ಇರಲಿ, ಆದರೆ ಇರಲಿ. ಸಾದಾ ಫಿಲಿಪ್ಸ್ ತಲೆ ಇರಲಿ.

ಮೋಲ್ಡ್ ಮಂಜಣ್ಣ

ಬಸಣ್ಣನ ಮಾತು ಒಪ್ಪುತ್ತೇನೆ. ಮುಚ್ಚಳಕ್ಕೆ ನನ್ನ ಸಲಹೆ: ಹಿಂಬದಿ ಎರಡು ಗಟ್ಟಿ ಕೊಕ್ಕೆ, ಮುಂಬದಿ ಎರಡು ಸ್ಕ್ರೂ. ಕೊಕ್ಕೆ ಬಾಗುವುದೇ ಬೇಡ. ಮುಚ್ಚಳವನ್ನು ಓರೆಯಾಗಿ ಹಿಂದೆ ಸಿಕ್ಕಿಸಿ ಕೆಳಗಿಳಿಸುವುದು, ಅಷ್ಟೇ. ಬಾಗದಿದ್ದರೆ ಮುರಿಯುವುದಿಲ್ಲ.

ಮೋಲ್ಡ್ ವಿಷಯ ಒಂದು ತಿಳಿದಿರಲಿ. ಪ್ಲಾಸ್ಟಿಕ್ ಸೇರಿಸುವುದು ಅಂದರೆ ಮೋಲ್ಡ್‌ನಿಂದ ಉಕ್ಕು ಕೆತ್ತಿ ತೆಗೆಯುವುದು, ಅದು ಸಲೀಸು. ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂದರೆ ಉಕ್ಕು ತುಂಬಬೇಕು, ವೆಲ್ಡಿಂಗ್ ಅಥವಾ ಇನ್ಸರ್ಟ್, ಖರ್ಚು ಜಾಸ್ತಿ. ರಿಬ್, ಗೂಡು, ಅಂಚು ಎಲ್ಲ ಮೊದಲನೇ ಜಾತಿ. ಕೊಕ್ಕೆಗೆ ಮಾತ್ರ ಮೋಲ್ಡ್‌ನಲ್ಲಿ ಪಕ್ಕಕ್ಕೆ ಸರಿಯುವ ಅಡ್ಡ ಸ್ಲೈಡರ್ ಬೇಕಾಗುತ್ತದೆ. ಸ್ಲೈಡರ್ ತಪ್ಪಿಸಲು ಕೊಕ್ಕೆಯ ನೇರ ಕೆಳಗೆ ಒಂದು ಕಿಟಕಿ ಬಿಡುತ್ತೇವೆ, ಮೋಲ್ಡ್‌ನ ಎರಡು ಭಾಗ ಆ ಕಿಟಕಿಯಲ್ಲೇ ಮುಟ್ಟಿಕೊಳ್ಳುತ್ತವೆ.

ವಾರಿಜಾ

ಆ ಕಿಟಕಿಯ ಬಗ್ಗೆ ಜೋಪಾನ, ಮಂಜಣ್ಣ. ತಳದಲ್ಲಿ ಹೊಸ ತೂತು ಬಂದರೆ ಮನೆಬಳಕೆ ವಿದ್ಯುತ್ ಉಪಕರಣಗಳ ಸುರಕ್ಷತೆಯ ಮಾನದಂಡ ಐಎಸ್ 302 ಪ್ರಕಾರ ಟೆಸ್ಟ್ ಬೆರಳು ಒಳಗೆ ಹಾಕಿ ನೋಡುತ್ತಾರೆ, ಕರೆಂಟ್ ಇರುವ ಭಾಗ ಮುಟ್ಟಬಾರದು. ಅಡುಗೆಕಟ್ಟೆ ಮೇಲೆ ನೀರು ನಿಂತಿರುತ್ತದೆ ಅಂತಲೂ ಯೋಚಿಸಿ. ಕಿಟಕಿ ಸಣ್ಣದಿರಲಿ, ಟರ್ಮಿನಲ್‌ನಿಂದ ದೂರ ಇರಲಿ.

ಸ್ನ್ಯಾಪ್ ಹಾಕುವವರಿಗೂ ಅದೇ ಮಾನದಂಡದಲ್ಲಿ ಒಂದು ಮಾತು ಇದೆ. ಶಾಕ್‌ನಿಂದ ಕಾಪಾಡುವ ಮುಚ್ಚಳವನ್ನು ಸ್ನ್ಯಾಪ್‌ನಿಂದ ಹಿಡಿಸಿದರೆ, ಅದು ಲಾಕ್ ಆಗಿದೆ ಅಂತ ಸ್ಪಷ್ಟವಾಗಿ ಗೊತ್ತಾಗಬೇಕು. ಸರ್ವಿಸ್‌ನಲ್ಲಿ ಬಿಚ್ಚುವಂಥದ್ದಾದರೆ ಹತ್ತು ಸಲ ಬಿಚ್ಚಿ ಹಾಕಿ, ಆಮೇಲೆ ಎಳೆದು ಒತ್ತಿ ನೋಡುತ್ತಾರೆ.

ಕಿರಣ್ ಕ್ಯಾಡ್

ಬಸವರಾಜ್ ಅವರ ಅನುಭವ ಕೇಳಿದ ಮೇಲೆ ಮುಚ್ಚಳದ ಸ್ನ್ಯಾಪ್ ಬಿಟ್ಟೆ. ರಬ್ಬರ್ ಬುಷ್ ವಿಷಯದಲ್ಲೂ ತಪ್ಪು ಹೇಳಿದ್ದೆ. ಆದರೆ ಸ್ವಿಚ್ ಗೂಡಿಗೆ ಸ್ನ್ಯಾಪ್ ಬೇಕೇ ಬೇಕಲ್ವಾ? ನಾನೊಂದು ಬಿಡಿಸಿದ್ದೇನೆ. ಸ್ನ್ಯಾಪ್‌ನ ಬಾಗುವ ಕಾಲಿನ ಉದ್ದ 10 ಮಿ.ಮೀ., ದಪ್ಪ 2, ಕೊಕ್ಕೆ 1.5. ಸರಿ ಇದೆಯಾ?

ಮೋಲ್ಡ್ ಮಂಜಣ್ಣ

ಮುರಿಯುತ್ತದೆ ಕಿರಣ್. ಲೆಕ್ಕ ಹಾಕಿ ನೋಡೋಣ. ಹಿಗ್ಗುವಿಕೆ e, ದಪ್ಪ t, ಕೊಕ್ಕೆ ಬಾಗುವ ದೂರ y, ಉದ್ದ L.

```
e = 1.5 × t × y / L²
1.5 × 2 × 1.5 / 100 = 0.045
1.5 × 2 × 1.2 / 256 = 0.014
```

ನಿಮ್ಮದು ಶೇ. 4.5 ಬಂತು. ಎಬಿಎಸ್‌ಗೆ ನಾನು ಶೇ. 2 ದಾಟಲು ಬಿಡುವುದಿಲ್ಲ, ಬಿಚ್ಚಿ ಹಾಕುವ ಜಾಗ ಅಂದರೆ ಅದಕ್ಕಿಂತಲೂ ಕಡಿಮೆ. ಕೊಕ್ಕೆ 1.2 ಮಾಡಿ, ಕಾಲು 16ಕ್ಕೆ ಉದ್ದ ಮಾಡಿ, ಶೇ. 1.4ಕ್ಕೆ ಇಳಿಯುತ್ತದೆ. ಉದ್ದ ವರ್ಗವಾಗಿ ಕೆಳಗೆ ಕೂತಿದೆ, ಹಾಗಾಗಿ ಲಾಭ ಎಲ್ಲ ಉದ್ದದಲ್ಲೇ.

ಬುಡದಲ್ಲಿ ಚೂಪು ಮೂಲೆ ಬೇಡ, 1 ಮಿ.ಮೀ. ದುಂಡಗೆ ಮಾಡಿ. ಮೊದಲ ಪೀಸ್ ಬಂದಾಗ ಹತ್ತು ಸಲ ಹಾಕಿ ತೆಗೆದು ಬುಡವನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಗೀಟು ಕಂಡರೆ ಅದು ಇವತ್ತಲ್ಲ ನಾಳೆ ಮುರಿಯುತ್ತದೆ. ಸ್ವಿಚ್ ಕೂತ ಮೇಲೆ ಕೊಕ್ಕೆ ಪೂರ್ತಿ ಸಡಿಲವಾಗಿ ನಿಂತಿರಬೇಕು. ಬಾಗಿಕೊಂಡೇ ನಿಂತರೆ ಮೋಟಾರಿನ ಬಿಸಿಗೆ, ಎಣ್ಣೆ ಜಿಡ್ಡಿಗೆ ತಿಂಗಳುಗಳಲ್ಲಿ ಬಿರುಕು ಬಿಡುತ್ತದೆ.

ಪೀಣ್ಯ ರವಿ (ಏಳು ವಾರದ ನಂತರ)

ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಈಗ ಬಿಡಿಭಾಗ 24. ಸ್ಕ್ರೂ 22 ಇದ್ದದ್ದು 8: ಮೋಟಾರಿಗೆ ನಾಲ್ಕು, ಮುಚ್ಚಳಕ್ಕೆ ಎರಡು, ಕಾರ್ಡ್ ಕ್ಲಾಂಪಿಗೆ ಒಂದು, ಅರ್ಥಿಂಗ್‌ಗೆ ಒಂದು. ಮುಚ್ಚಳದ್ದು ಮತ್ತು ಕ್ಲಾಂಪಿನದು ಒಂದೇ ಸ್ಕ್ರೂ ಮಾಡಿದೆ, ಉದ್ದ ತಪ್ಪುವ ಮಾತೇ ಇಲ್ಲ. ರಬ್ಬರ್ ಕಾಲು ಈಗ ಬಾಲ ಇರುವ ಜಾತಿಯದು, ತೂತಿನಿಂದ ಎಳೆದರೆ ಕೂರುತ್ತದೆ. ಸ್ವಿಚ್ ಗೂಡು ಮಂಜಣ್ಣನ ಅಳತೆಯಲ್ಲೇ ಮಾಡಿಸಿದೆ, ಬಿಳಿ ಗೀಟು ಬಂದಿಲ್ಲ.

ಸಮಯ 220 ಸೆಕೆಂಡ್. ವಾರಿಜಾ ಮೇಡಂ ಅಳತೆಗೋಲಿನಲ್ಲಿ ನೂರಕ್ಕೆ ಏಳೂ ಇಲ್ಲದ್ದು ಹದಿನಾಲ್ಕರ ಹತ್ತಿರ ಬಂದಿದೆ. ಆದರೆ ಯಾವುದರಿಂದ ಎಷ್ಟು ಉಳಿಯಿತು ಅಂತ ವಿಡಿಯೊ ನೋಡಿ ಲೆಕ್ಕ ಹಾಕಿದಾಗ ಆಶ್ಚರ್ಯವಾಯಿತು. ವಯರ್ ಕೆಲಸ 150ರಿಂದ 50ಕ್ಕೆ ಇಳಿದಿದೆ. ಉಳಿಸಿದ 230ರಲ್ಲಿ 100 ಅಲ್ಲೇ ಬಂತು, ಭಾಗದ ಲೆಕ್ಕದಲ್ಲಿ ಅದು ಏಳೇ ಭಾಗ. ಎಂಟು ವಾಷರ್ ತೆಗೆದದ್ದರಿಂದ ಅಷ್ಟೇನೂ ಉಳಿಯಲಿಲ್ಲ.

ಒಂದು ಕಡೆ ಎಡವಿದೆ. ಕಾರ್ಡ್ ಕ್ಲಾಂಪ್ ಕೂಡ ತೆಗೆದು, ಅಂಕುಡೊಂಕು ರಿಬ್‌ಗಳ ನಡುವೆ ಕಾರ್ಡ್ ಸುತ್ತಿಸಿ ಹಿಡಿಸಲು ನೋಡಿದೆ. ಕಾರ್ಡನ್ನು 25 ಸಲ ಎಳೆದು ನೋಡುವ ಟೆಸ್ಟ್ ಇದೆಯಲ್ಲ, ಅದರಲ್ಲಿ 2 ಮಿ.ಮೀ.ಗಿಂತ ಜಾಸ್ತಿ ಜಾರಬಾರದು. ನಮ್ಮದು 5 ಜಾರಿತು. ಕಾರ್ಡ್ ತಂದ ರೋಲ್ ಬದಲಾದರೆ ದಪ್ಪವೂ ಸ್ವಲ್ಪ ಬದಲಾಗುತ್ತದೆ, ರಿಬ್ ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಕ್ಲಾಂಪ್ ವಾಪಸ್ ತಂದೆ, ಎರಡರ ಬದಲು ಒಂದು ಸ್ಕ್ರೂ.

ಸುಮಾ (ಅಸೆಂಬ್ಲಿ ಲೈನ್)

ತುಂಬಾ ಸಂತೋಷ ಆಯಿತು ಸರ್. ಅವರಿಬ್ಬರ ಕೈ ಹೇಗಿದೆ? ರಬ್ಬರ್ ಕಾಲಿನ ಬಾಲ ಎಳೆಯುವುದು ದಿನಕ್ಕೆ 480 ಸಲ ಆಗುತ್ತದೆ. ಹೆಬ್ಬೆರಳು ನೋಯುತ್ತದೆ.

ಪೀಣ್ಯ ರವಿ

ಮಣಿಕಟ್ಟು ಪರವಾಗಿಲ್ಲ ಅಂತಾರೆ, ಈಗ ಒಂದೇ ಸಲ ಮಗುಚುವುದು. ಹೆಬ್ಬೆರಳಿನ ಮಾತು ನಿಜ, ಒಬ್ಬರು ಮೊನ್ನೆಯೇ ಹೇಳಿದರು. ಸೋಪು ನೀರು ಹಚ್ಚಿ ಎಳೆಯುವುದು, ಬಾಲ ಹಿಡಿಯಲು ಇಕ್ಕಳ ಕೊಡುವುದು, ಎರಡೂ ಮಾಡುತ್ತಿದ್ದೇವೆ. ಸೋಪಿಗೆ ಮುಚ್ಚಳ ಒದ್ದೆಯಾಗುತ್ತದೆ, ಒರೆಸಲು ಮತ್ತೆ ಸಮಯ. ಇದಕ್ಕೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ.

ಹುಬ್ಬಳ್ಳಿ ಬಸವರಾಜ (ರಿಪೇರಿ)

ಸರ್, ಮುಚ್ಚಳದ ಮೇಲೆ "ಮೊದಲು ಈ ಕಡೆ ಎತ್ತಿ" ಅಂತ ಬಾಣದ ಗುರುತು ಹಾಕಿಸಿ. ಗೊತ್ತಿಲ್ಲದವರು ಕೊಕ್ಕೆ ಇರುವ ಕಡೆಯೇ ಎಬ್ಬುತ್ತಾರೆ.

ಪೀಣ್ಯ ರವಿ

ಖಂಡಿತ ಹಾಕಿಸುತ್ತೇನೆ. ಇನ್ನೊಂದು ತೊಂದರೆ ಉಳಿದಿದೆ. ನೂರರಲ್ಲಿ ನಾಲ್ಕೈದು ಪೀಸ್ ಎರಡನೇ ಸ್ಪೀಡ್‌ನಲ್ಲಿ ಹಿಂಬದಿ ಕಟಕಟ ಅನ್ನುತ್ತವೆ. ಕೊಕ್ಕೆ ಇರುವ ಜಾಗ ಬೆರಳಲ್ಲಿ ಒತ್ತಿದರೆ ಸದ್ದು ನಿಲ್ಲುತ್ತದೆ. ಫೋಮ್ ಪಟ್ಟಿ ಅಂಟಿಸಿದರೆ ಸರಿಹೋಗುತ್ತದೆ, ಆದರೆ ಆಗ ಭಾಗ 25 ಆಗುತ್ತದೆ, ಅಂಟಿಸಲು ಹತ್ತು ಸೆಕೆಂಡ್ ಬೇರೆ.

ವಾರಿಜಾ

ಫೋಮ್ ಬೇಡ. ಕೊಕ್ಕೆ ಕೂರುವ ಜಾಗದಲ್ಲಿ ಚೂಪು ತುದಿಯ ಸಣ್ಣ ರಿಬ್ ಎರಡು ಕೊಡಿ. ಮುಂದಿನ ಸ್ಕ್ರೂ ಬಿಗಿದಾಗ ಅವುಗಳ ತುದಿ ಸ್ವಲ್ಪ ನಜ್ಜಾಗಿ ಸಂದಿ ತುಂಬುತ್ತದೆ.

ಮೋಲ್ಡ್ ಮಂಜಣ್ಣ

ಬಸಣ್ಣ ಐದಾರು ಸಲ ಬಿಚ್ಚಿದರೆ ನಜ್ಜಾದ ರಿಬ್ ಮತ್ತೆ ಕೆಲಸ ಮಾಡುವುದಿಲ್ಲ ಮೇಡಂ. ನನಗೆ ಆ ಅನುಮಾನ ಇದೆ. ಕೊಕ್ಕೆಯನ್ನೇ 0.2 ಮಿ.ಮೀ. ದಪ್ಪ ಮಾಡೋಣ, ಅದೂ ಉಕ್ಕು ತೆಗೆಯುವ ಕೆಲಸವೇ. ಆದರೆ ಕೆತ್ತಿದ ಮೇಲೆ ವಾಪಸ್ ಬರುವುದಿಲ್ಲ. ರವಿ, ಮೊದಲು ಸದ್ದು ಮಾಡುವ ಹತ್ತು ಪೀಸ್ ತೆಗೆದುಕೊಂಡು ಕೊಕ್ಕೆಯ ಮೇಲೆ ಒಂದೊಂದೇ ಪದರ ಸೆಲ್ಲೋ ಟೇಪ್ ಅಂಟಿಸುತ್ತಾ ಹೋಗಿ. ಎಷ್ಟು ಪದರಕ್ಕೆ ಸದ್ದು ನಿಲ್ಲುತ್ತದೋ ಬರೆದಿಡಿ. ಟೇಪಿನ ದಪ್ಪ ಮೈಕ್ರೋಮೀಟರ್‌ನಲ್ಲಿ ಅಳೆದು ನನಗೆ ಕಳಿಸಿ.

ಪೀಣ್ಯ ರವಿ

ಸೋಮವಾರ ಮಾಡುತ್ತೇನೆ ಮಂಜಣ್ಣ. ಸದ್ದು ಮಾಡಿದ ಪೀಸ್‌ಗಳನ್ನು ಬೇರೆ ಇಟ್ಟಿದ್ದೇನೆ, ಈಗ ಏಳಿವೆ. ಇನ್ನು ಮೂರು ಸಿಕ್ಕ ಕೂಡಲೇ ಶುರು ಮಾಡುತ್ತೇನೆ.